ಕರೆಂಟ್ ಹೋದರೆ ಸ್ಲ್ಯಾಶಿಂಗ್ ಆಗುವುದಿಲ್ಲ, ಎರಡನೇ ಯಂತ್ರ ಇಟ್ಟರೆ ಆಗಬಹುದು

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಸಾಫ್ಟ್‌ವೇರ್ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಹಲವು ವರ್ಷಗಳಿಂದ ಸ್ವಲ್ಪ ಸ್ವಲ್ಪವಾಗಿ ಕೊಂಡದ್ದು ಸೇರಿ ಈಗ 32 ಈಥರ್ ಆಗಿದೆ. ಅದನ್ನು ಠೇವಣಿ ಇಟ್ಟು, ಇಥೀರಿಯಂ ಜಾಲದ ವಹಿವಾಟುಗಳ ಕಟ್ಟುಗಳಾದ ಬ್ಲಾಕ್‌ಗಳನ್ನು ಪರಿಶೀಲಿಸಿ ಮತ ಹಾಕುವ ಸ್ವಂತ ವ್ಯಾಲಿಡೇಟರ್ ನಡೆಸುವ ಆಸೆ. ಆದರೆ ಲೈನ್ ದುರಸ್ತಿ ಎಂದು ಕೆಲವು ದಿನ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕರೆಂಟ್ ಇರುವುದಿಲ್ಲ. ಯಂತ್ರ ಒಂದು ದಿನ ನಿಂತರೆ ಸ್ಲ್ಯಾಶಿಂಗ್ ಆಗಿ, ಅಂದರೆ ಜಾಲ ಶಿಕ್ಷೆಯಾಗಿ ಠೇವಣಿಯನ್ನು ಕತ್ತರಿಸಿ, ಅರ್ಧ ದುಡ್ಡು ಹೋಗುತ್ತದೆ ಎಂದು ಗೆಳೆಯರೊಬ್ಬರು ಹೆದರಿಸಿದ್ದಾರೆ. ಅದಕ್ಕೆ ಚಿತ್ರದುರ್ಗದಲ್ಲಿರುವ ತಮ್ಮನ ಮನೆಯಲ್ಲಿ ಅದೇ ಕೀಲಿಗಳಿರುವ ಇನ್ನೊಂದು ಯಂತ್ರವನ್ನು ಸಿದ್ಧವಾಗಿಟ್ಟು, ಇಲ್ಲಿ ಕರೆಂಟ್ ಹೋದ ಕೂಡಲೇ ಅದು ತಾನಾಗಿ ಶುರುವಾಗುವಂತೆ ಮಾಡಬೇಕೆಂದಿದ್ದೇನೆ. ಇದು ಸರಿಯೇ? ಅಥವಾ ಯಾವುದಾದರೂ ಸಂಸ್ಥೆಗೆ ಒಪ್ಪಿಸುವುದೇ ಕ್ಷೇಮವೇ?

ಉತ್ತರ: ಚಿತ್ರದುರ್ಗದ ಯಂತ್ರವನ್ನು ಇನ್ನೂ ಜೋಡಿಸಿಲ್ಲವಾದರೆ ಜೋಡಿಸಬೇಡಿ. ಈಗಾಗಲೇ ಜೋಡಿಸಿದ್ದರೆ, ಕೀಲಿಗಳನ್ನು ಮತ್ತೆ ಹುಟ್ಟಿಸಬಲ್ಲ ನಿಮ್ಮ 24 ಪದಗಳ ಮೂಲಸಾಲು ಕಾಗದದ ಮೇಲೆ ಭದ್ರವಾಗಿದೆ ಎಂದು ಖಚಿತಪಡಿಸಿಕೊಂಡು, ಆ ಯಂತ್ರದಿಂದ ಕೀಲಿಗಳನ್ನು ಇವತ್ತೇ ಅಳಿಸಿಬಿಡಿ. ಕರೆಂಟ್ ಹೋಗುವುದರಿಂದ ನಿಮಗೆ ಆಗುವ ನಷ್ಟ ಬಹಳ ಚಿಕ್ಕದು. ಅದನ್ನು ತಪ್ಪಿಸಲು ನೀವು ಹಾಕಿಕೊಂಡಿರುವ ಯೋಜನೆಯೇ ಸ್ಲ್ಯಾಶಿಂಗ್‌ಗೆ ನೇರ ದಾರಿ. ವ್ಯಾಲಿಡೇಟರ್ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ಬ್ಯಾಕಪ್ ಬೇಕೆಂಬ ಈ ಒಳ್ಳೆಯ ಬುದ್ಧಿಯಿಂದಲೇ ಜನ ಪೆಟ್ಟು ತಿನ್ನುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ವ್ಯಾಲಿಡೇಟರ್ ದಿನವಿಡೀ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಇಥೀರಿಯಂನಲ್ಲಿ ಕಾಲವನ್ನು 12 ಸೆಕೆಂಡುಗಳ ಸ್ಲಾಟ್‌ಗಳಾಗಿ ಕತ್ತರಿಸಿದ್ದಾರೆ. 32 ಸ್ಲಾಟ್ ಸೇರಿದರೆ ಒಂದು ಎಪಾಕ್, ಅಂದರೆ 6.4 ನಿಮಿಷ. ಪ್ರತಿ ಎಪಾಕ್‌ನಲ್ಲಿ ಪ್ರತಿಯೊಂದು ವ್ಯಾಲಿಡೇಟರ್ ಒಂದು ಸಲ ಮತ ಹಾಕಬೇಕು. ಇದಕ್ಕೆ ಅಟೆಸ್ಟೇಷನ್ ಎನ್ನುತ್ತಾರೆ. ಆ ಮತದಲ್ಲಿ ಮೂರು ಮಾತುಗಳಿರುತ್ತವೆ: ಈಗಾಗಲೇ ಎಲ್ಲರೂ ಒಪ್ಪಿರುವ ಗಡಿ ಯಾವುದು, ಮುಂದೆ ಒಪ್ಪಬೇಕಾದ ಗಡಿ ಯಾವುದು, ಮತ್ತು ಈ ಕ್ಷಣದಲ್ಲಿ ಸರಪಳಿಯ ತುದಿಯಲ್ಲಿರುವ ಬ್ಲಾಕ್ ಯಾವುದು. ಮೂರನ್ನೂ ಸರಿಯಾಗಿ, ಸಮಯಕ್ಕೆ ಹೇಳಿದರೆ ಪೂರ್ತಿ ಪ್ರತಿಫಲ. ಅಪರೂಪಕ್ಕೊಮ್ಮೆ ಹೊಸ ಬ್ಲಾಕ್ ಮಂಡಿಸುವ ಸರದಿ ಬಂದರೆ ದೊಡ್ಡ ಮೊತ್ತ ಸಿಗುತ್ತದೆ, ಆದರೆ ನಿತ್ಯದ ಆದಾಯವೆಲ್ಲ ಈ ಮತಗಳಿಂದಲೇ.

ಎಷ್ಟು ಆದಾಯ ಎಂಬುದು ಜಾಲದಲ್ಲಿ ಒಟ್ಟು ಎಷ್ಟು ಈಥರ್ ಸ್ಟೇಕ್, ಅಂದರೆ ಠೇವಣಿ, ಆಗಿದೆ ಎಂಬುದರ ಮೇಲೆ ನಿಂತಿದೆ; ಒಟ್ಟು ಮೊತ್ತ ಹೆಚ್ಚಿದಂತೆ ಒಬ್ಬೊಬ್ಬರ ಪಾಲು ಇಳಿಯುತ್ತದೆ. ಲೆಕ್ಕಕ್ಕಾಗಿ ಒಟ್ಟು 3.4 ಕೋಟಿ ಈಥರ್ ಸ್ಟೇಕ್ ಆಗಿದೆ ಎಂದೂ, ಒಂದು ಈಥರ್‌ಗೆ 2 ಲಕ್ಷ ರೂಪಾಯಿ ಎಂದೂ ಇಟ್ಟುಕೊಳ್ಳೋಣ. ಬೆಲೆ ನೀವು ಓದುವ ದಿನ ಬೇರೆಯೇ ಇರಬಹುದು, ಅನುಪಾತ ಮಾತ್ರ ಬದಲಾಗದು. ಆ ಲೆಕ್ಕದಲ್ಲಿ 32 ಈಥರ್‌ನ ವ್ಯಾಲಿಡೇಟರ್ ಮತಗಳಿಂದ ದಿನಕ್ಕೆ ಸುಮಾರು 0.0021 ಈಥರ್ ಗಳಿಸುತ್ತದೆ, ಅಂದರೆ 420 ರೂಪಾಯಿ. ಬ್ಲಾಕ್ ಮಂಡನೆ ಮುಂತಾದವೂ ಸೇರಿದರೆ ವರ್ಷಕ್ಕೆ ಶೇಕಡಾ 3ರ ಆಸುಪಾಸು. ಯಾರಾದರೂ ಈಥರ್ ಸ್ಟೇಕಿಂಗ್‌ನಲ್ಲಿ ತಿಂಗಳಿಗೆ ಶೇಕಡಾ 5 ಕೊಡುತ್ತೇನೆ ಎಂದರೆ ಆ ಹಣ ಸ್ಟೇಕಿಂಗ್‌ನಿಂದ ಬರುತ್ತಿಲ್ಲ ಎಂದು ತಿಳಿಯಿರಿ.

ಇನ್ನು ನಿಮ್ಮ ದುರಸ್ತಿ ದಿನಕ್ಕೆ ಬರೋಣ. ಹತ್ತರಿಂದ ಆರರವರೆಗೆ ಎಂಟು ಗಂಟೆ, ಅಂದರೆ 75 ಎಪಾಕ್, 75 ಮತಗಳು ತಪ್ಪುತ್ತವೆ. ತಪ್ಪಿದ ಮತಕ್ಕೆ ದಂಡವಿದೆ, ಆದರೆ ಅದು ಗಳಿಸಬಹುದಾಗಿದ್ದ ಪ್ರತಿಫಲಕ್ಕಿಂತ ಕಡಿಮೆ, ಸುಮಾರು ಮುಕ್ಕಾಲು ಪಾಲು. 75 ಮತಗಳಿಗೆ ದಂಡ ಸುಮಾರು 0.00052 ಈಥರ್, ಅಂದರೆ ನೂರು ರೂಪಾಯಿಯ ಸುತ್ತಮುತ್ತ. ಕೈತಪ್ಪಿದ ಪ್ರತಿಫಲ 140 ರೂಪಾಯಿ. ಎರಡನ್ನೂ ಕೂಡಿಸಿದರೆ ಆ ಇಡೀ ದಿನದ ಕರೆಂಟ್ ಕಡಿತ ನಿಮಗೆ 245 ರೂಪಾಯಿ ಖರ್ಚು ತರುತ್ತದೆ. ಕರೆಂಟ್ ಬಂದು ಯಂತ್ರ ಮತ ಹಾಕತೊಡಗಿದರೆ, ಕಳೆದುಹೋದ ಅಸಲು ಭಾಗ ಮರುದಿನ ಬೆಳಿಗ್ಗೆಯ ಹೊತ್ತಿಗೆ ತುಂಬಿಬರುತ್ತದೆ. ಇದಕ್ಕೆ ಸ್ಲ್ಯಾಶಿಂಗ್ ಎಂಬ ಹೆಸರಿಲ್ಲ. ಇದು ಗೈರುಹಾಜರಿಯ ದಂಡ ಮಾತ್ರ.

ನಿಮ್ಮ ಗೆಳೆಯರು ಸುಳ್ಳು ಹೇಳಿದರು ಎಂದು ನಾನು ಅನ್ನುವುದಿಲ್ಲ. ಎರಡು ನಿಜ ಸಂಗತಿಗಳು ಅವರ ಮಾತಿನಲ್ಲಿ ಕಲಸಿಹೋಗಿರಬೇಕು. ಕಾಸ್ಮಾಸ್ ಹಬ್‌ನಂಥ ಕೆಲವು ಜಾಲಗಳಲ್ಲಿ ಬಹಳ ಹೊತ್ತು ಗೈರಾದರೂ ಅದನ್ನು ಸ್ಲ್ಯಾಶಿಂಗ್ ಎಂದೇ ಕರೆಯುತ್ತಾರೆ. ಅಲ್ಲೂ ಗೈರಿಗೆ ಕತ್ತರಿಸುವುದು ಶೇಕಡಾ 0.01, ಎರಡು ಸಲ ಸಹಿ ಮಾಡಿದರೆ ಶೇಕಡಾ 5. ‘ಅರ್ಧ ದುಡ್ಡು’ ಎಂಬುದು ಇಥೀರಿಯಂನದೇ ಇನ್ನೊಂದು ನಿಯಮದಿಂದ ಬಂದಿರಬಹುದು: ಬಾಕಿ 16 ಈಥರ್‌ಗೆ ಇಳಿದರೆ ವ್ಯಾಲಿಡೇಟರನ್ನು ಜಾಲವೇ ಹೊರಹಾಕುತ್ತದೆ. ಆದರೆ ಮಾಮೂಲಿ ದಿನಗಳ ದಂಡದಲ್ಲೇ 32ರಿಂದ 16ಕ್ಕೆ ಇಳಿಯಬೇಕಾದರೆ ಯಂತ್ರವನ್ನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಡಬೇಕಾಗುತ್ತದೆ.

ಒಂದು ಅಪವಾದವಿದೆ. ಜಾಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವ್ಯಾಲಿಡೇಟರುಗಳು ಒಟ್ಟಿಗೆ ಗೈರಾಗಿ, ಬ್ಲಾಕ್‌ಗಳು ಅಂತಿಮಗೊಳ್ಳುವುದೇ ನಿಂತರೆ ಗೈರುಹಾಜರಿಯ ದಂಡ ದಿನದಿನಕ್ಕೆ ಏರುತ್ತಾ ಹೋಗುತ್ತದೆ. 2023ರ ಮೇ ತಿಂಗಳಲ್ಲಿ ಸಾಫ್ಟ್‌ವೇರ್ ದೋಷದಿಂದ ಹಾಗಾಗಿತ್ತು, ಒಂದು ಗಂಟೆಯ ಸುಮಾರಿಗೆ ಸರಿಹೋಯಿತು. ದಾವಣಗೆರೆಯ ಒಂದು ಬಡಾವಣೆಯಲ್ಲಿ ಕರೆಂಟ್ ಹೋದದ್ದಕ್ಕೆ ಅಂಥದ್ದು ಆಗುವುದಿಲ್ಲ.

ಹಾಗಾದರೆ ಸ್ಲ್ಯಾಶಿಂಗ್ ಯಾವುದಕ್ಕೆ? ಪರಸ್ಪರ ವಿರುದ್ಧವಾದ ಎರಡು ಮಾತುಗಳಿಗೆ ಒಂದೇ ಕೀಲಿಯಿಂದ ಸಹಿ ಹಾಕುವುದಕ್ಕೆ. ಒಂದೇ ಸ್ಲಾಟ್‌ಗೆ ಎರಡು ಬೇರೆ ಬ್ಲಾಕ್ ಮಂಡಿಸುವುದು, ಮುಂದೆ ಒಪ್ಪಬೇಕಾದ ಒಂದೇ ಗಡಿಗೆ ಎರಡು ಬೇರೆ ಮತ ಹಾಕುವುದು, ಮತ್ತು ಹಿಂದಿನ ತನ್ನದೇ ಮತವನ್ನು ಆಚೀಚೆ ಎರಡೂ ಕಡೆಯಿಂದ ಸುತ್ತುವರಿಯುವಂಥ ಮತ ಹಾಕುವುದು. ಇಷ್ಟೇ ಅಪರಾಧಗಳು. ಒಂದೇ ಕಡೆ ನೆಟ್ಟಗೆ ನಡೆಯುತ್ತಿರುವ ಯಂತ್ರ ಇವನ್ನು ಮಾಡುವುದಿಲ್ಲ, ಏಕೆಂದರೆ ತಾನು ಹಿಂದೆ ಯಾವುದಕ್ಕೆ ಸಹಿ ಹಾಕಿದ್ದೇನೆ ಎಂಬ ಪಟ್ಟಿಯನ್ನು ಅದು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಪ್ರತಿ ಸಹಿಗೂ ಮೊದಲು ನೋಡಿಕೊಳ್ಳುತ್ತದೆ. ಆ ಪಟ್ಟಿ ಆ ಯಂತ್ರದಲ್ಲಿ ಮಾತ್ರ ಇರುತ್ತದೆ. ತಮ್ಮನ ಮನೆಯ ಯಂತ್ರಕ್ಕೆ ಅದು ಕಾಣುವುದಿಲ್ಲ.

ನಿಮ್ಮ ಯೋಜನೆಯನ್ನು ಗಂಟೆಗಂಟೆಯಾಗಿ ನಡೆಸಿ ನೋಡೋಣ. ಬೆಳಿಗ್ಗೆ ಹತ್ತಕ್ಕೆ ವಿದ್ಯಾನಗರದಲ್ಲಿ ಕರೆಂಟ್ ಹೋಯಿತು. ಚಿತ್ರದುರ್ಗದ ಯಂತ್ರ ಇಲ್ಲಿಯದನ್ನು ಕರೆದು ನೋಡಿತು, ಉತ್ತರ ಬರಲಿಲ್ಲ, ತಾನು ಮತ ಹಾಕಲು ಶುರು ಮಾಡಿತು. ಸಂಜೆಯವರೆಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ಆರಕ್ಕೆ ಐದು ನಿಮಿಷವಿರುವಾಗ ಕರೆಂಟ್ ಬಂತು. ಮನೆಯಲ್ಲಿ ವ್ಯಾಲಿಡೇಟರ್ ಇಟ್ಟವರೆಲ್ಲ ಕರೆಂಟ್ ಬಂದ ಕೂಡಲೇ ಯಂತ್ರ ತಾನಾಗಿ ಚಾಲೂ ಆಗಲೆಂದು ಬಯೋಸ್‌ನಲ್ಲಿ ಹೊಂದಿಸಿರುತ್ತಾರೆ, ನೀವೂ ಹೊಂದಿಸಿರುತ್ತೀರಿ. ಯಂತ್ರ ಎದ್ದಿತು. ಆದರೆ ನಿಮ್ಮ ಬೀದಿಯ ಕಂಬದಲ್ಲಿರುವ ಇಂಟರ್ನೆಟ್ ಪೆಟ್ಟಿಗೆ ಇನ್ನೂ ಒದ್ದಾಡುತ್ತಿದೆ. ಸಂಪರ್ಕ ಬರುತ್ತಿದೆ, ಹೋಗುತ್ತಿದೆ. ಚಿತ್ರದುರ್ಗದ ಯಂತ್ರ ಕರೆದಾಗ ಸಂಪರ್ಕ ಇರಲಿಲ್ಲ, ಹಾಗಾಗಿ ಅದು ತನ್ನ ಕೆಲಸ ಬಿಡಲಿಲ್ಲ. ಮರುಕ್ಷಣ ಸಂಪರ್ಕ ಬಂದು ಇಲ್ಲಿಯದೂ ಮತ ಹಾಕಿತು. ಒಂದೇ ಎಪಾಕ್, ಒಂದೇ ಕೀಲಿ, ಎರಡು ಮತ. ಇಲ್ಲಿಯ ಯಂತ್ರಕ್ಕೆ ಕಂಡ ತುದಿಯ ಬ್ಲಾಕ್ ಒಂದು, ಅಲ್ಲಿಯದಕ್ಕೆ ಕಂಡದ್ದು ಇನ್ನೊಂದು. ಅಪರಾಧ ಆಗಿಹೋಯಿತು. ಬೇಕೆಂದು ಮಾಡಿದ್ದೋ ಕೈತಪ್ಪಿ ಆದದ್ದೋ ಎಂದು ಜಾಲ ಕೇಳುವುದಿಲ್ಲ. ಇಂಥ ಜೋಡಿ ಸಹಿಗಳನ್ನು ಹುಡುಕುವುದಕ್ಕೆಂದೇ ನಡೆಯುವ ಯಂತ್ರಗಳಿವೆ. ಒಂದು ಸಿಕ್ಕರೆ ಮುಂದೆ ಬ್ಲಾಕ್ ಮಂಡಿಸುವವರು ಅದನ್ನು ಸಾಕ್ಷಿಯಾಗಿ ಸೇರಿಸಿಬಿಡುತ್ತಾರೆ, ಅದಕ್ಕೆ ಅವರಿಗೆ ಚಿಕ್ಕ ಬಹುಮಾನವೂ ಇದೆ.

ಇಲ್ಲೊಂದು ಸೂಕ್ಷ್ಮವಿದೆ. ಎರಡೂ ಯಂತ್ರಗಳು ಅಕ್ಷರಶಃ ಒಂದೇ ಮತ ಹಾಕಿದರೆ ಅದು ಅಪರಾಧವಲ್ಲ. ಜಾಲ ಸಲೀಸಾಗಿ ನಡೆಯುತ್ತಿರುವಾಗ ಇಬ್ಬರಿಗೂ ಒಂದೇ ಬ್ಲಾಕ್ ಕಾಣುವುದರಿಂದ ಮತಗಳೂ ಒಂದೇ ಆಗುತ್ತವೆ. ಆದ್ದರಿಂದ ಒಂದೇ ಕೀಲಿಯ ಎರಡು ಯಂತ್ರಗಳು ಗಂಟೆಗಟ್ಟಲೆ, ದಿನಗಟ್ಟಲೆ ನಡೆದರೂ ಏನೂ ಆಗದಿರಬಹುದು. ‘ಪರೀಕ್ಷೆ ಮಾಡಿ ನೋಡಿದೆ, ತೊಂದರೆ ಆಗಲಿಲ್ಲ’ ಎಂಬ ಧೈರ್ಯ ಹುಟ್ಟುವುದು ಹೀಗೆಯೇ. ಒಂದು ಬ್ಲಾಕ್ ಎರಡು ಸೆಕೆಂಡ್ ತಡವಾಗಿ ಬಂದು, ಒಂದು ಯಂತ್ರಕ್ಕೆ ಕಂಡು ಇನ್ನೊಂದಕ್ಕೆ ಕಾಣದ ಕ್ಷಣದಲ್ಲಿ ಆ ಧೈರ್ಯದ ಬೆಲೆ ತಿಳಿಯುತ್ತದೆ.

ಆ ಬೆಲೆ ಎಷ್ಟು? 2025ರ ಮೇ ತಿಂಗಳ ಪೆಕ್ಟ್ರಾ ಪರಿಷ್ಕರಣೆಗೆ ಮೊದಲು, ಸಿಕ್ಕಿಬಿದ್ದ ಕೂಡಲೇ 32ರಲ್ಲಿ ಒಂದು ಪಾಲು, ಅಂದರೆ ಪೂರ್ತಿ 1 ಈಥರ್ ಹೋಗುತ್ತಿತ್ತು. ಈಗ ಅದನ್ನು 4096ರಲ್ಲಿ ಒಂದು ಪಾಲಿಗೆ ಇಳಿಸಿದ್ದಾರೆ: 0.0078 ಈಥರ್, ನಮ್ಮ ಲೆಕ್ಕದಲ್ಲಿ 1,560 ರೂಪಾಯಿ. ಹಳೆಯ ಲೇಖನಗಳಲ್ಲಿ ಇನ್ನೂ 1 ಈಥರ್ ಎಂದೇ ಇದೆ, ಗೊಂದಲ ಬೇಡ. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಸ್ಲ್ಯಾಶ್ ಆದ ವ್ಯಾಲಿಡೇಟರನ್ನು ಜಾಲ ಹೊರಹಾಕುತ್ತದೆ, ಹಣವನ್ನು ಮಾತ್ರ ಸುಮಾರು 36 ದಿನ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟೂ ದಿನ ನೀವು ಗೈರು ಎಂದೇ ಲೆಕ್ಕ, ಯಂತ್ರ ನಡೆಯುತ್ತಿದ್ದರೂ. ಆ ದಂಡ ಸುಮಾರು 0.057 ಈಥರ್, 11,400 ರೂಪಾಯಿ. ಗಳಿಸದೆ ಹೋದದ್ದು 15,000 ರೂಪಾಯಿಯಷ್ಟು. ಅಂತೂ 28,000 ರೂಪಾಯಿ, ಮೇಲೆ ಹೊಸ ಕೀಲಿಗಳೊಂದಿಗೆ ಮತ್ತೆ ಸರದಿಯಲ್ಲಿ ನಿಂತು ಒಳಬರುವ ಕಾಯುವಿಕೆ. 245 ರೂಪಾಯಿಯ ದಿನಗಳನ್ನು ನೂರಕ್ಕೂ ಹೆಚ್ಚು ಸಲ ಅನುಭವಿಸಿದರೆ ಆಗುವ ನಷ್ಟ ಇದು.

ಆ 36 ದಿನಗಳ ನಡುಮಧ್ಯದಲ್ಲಿ, ಹದಿನೆಂಟನೇ ದಿನದ ಸುಮಾರಿಗೆ, ಇನ್ನೊಂದು ಲೆಕ್ಕ ನಡೆಯುತ್ತದೆ. ನಿಮ್ಮ ಆಸುಪಾಸಿನ ದಿನಗಳಲ್ಲಿ ಇನ್ನೂ ಎಷ್ಟು ಈಥರ್ ಸ್ಲ್ಯಾಶ್ ಆಗಿದೆ ಎಂದು ನೋಡಿ, ಅದರ ಮೂರು ಪಟ್ಟು ಪ್ರಮಾಣವನ್ನು ನಿಮ್ಮಿಂದ ಕತ್ತರಿಸುತ್ತಾರೆ. ನೀವೊಬ್ಬರೇ ಸಿಕ್ಕಿಬಿದ್ದಿದ್ದರೆ ಅದು ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಆದರೆ ಜಾಲದ ಶೇಕಡಾ 1ರಷ್ಟು ಒಟ್ಟಿಗೆ ಸಿಕ್ಕಿಬಿದ್ದರೆ ಪ್ರತಿಯೊಬ್ಬರ ಶೇಕಡಾ 3 ಹೋಗುತ್ತದೆ, ಅಂದರೆ 32ರಲ್ಲಿ ಸುಮಾರು 1 ಈಥರ್. ಮೂರನೇ ಒಂದು ಭಾಗ ಸಿಕ್ಕಿಬಿದ್ದರೆ ಪೂರ್ತಿ ಹೋಗುತ್ತದೆ. ಒಬ್ಬನ ಕೈತಪ್ಪಿಗೂ ಸಂಘಟಿತ ದಾಳಿಗೂ ಜಾಲ ವ್ಯತ್ಯಾಸ ಮಾಡುವುದು ಈ ಒಂದು ಕಡೆ ಮಾತ್ರ. ಸಂಸ್ಥೆಗೆ ಒಪ್ಪಿಸಬೇಕೇ ಎಂಬ ನಿಮ್ಮ ಪ್ರಶ್ನೆಗೂ ಇದು ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಇದು ಮನೆಯಲ್ಲಿ ನಡೆಸುವವರಿಗೆ ಮಾತ್ರ ಬರುವ ಕಷ್ಟವಲ್ಲ. 2021ರ ಫೆಬ್ರುವರಿಯಲ್ಲಿ ಸ್ಟೇಕ್ಡ್ ಎಂಬ ಅಮೆರಿಕದ ಸಂಸ್ಥೆಯ 75 ವ್ಯಾಲಿಡೇಟರುಗಳು ಸ್ಲ್ಯಾಶ್ ಆದವು. ಯಂತ್ರದ ವೇಗದ ಸಮಸ್ಯೆ ಬಗೆಹರಿಸಲು, ಸಹಿಗಳ ಪಟ್ಟಿಯನ್ನು ಡಿಸ್ಕಿನಲ್ಲಿ ಉಳಿಸುವುದನ್ನು ಅವರು ನಿಲ್ಲಿಸಿದ್ದರು. ಯಂತ್ರ ಮರುಚಾಲೂ ಆದಾಗ ತಾನು ಏನಕ್ಕೆ ಸಹಿ ಹಾಕಿದ್ದೆ ಎಂಬ ನೆನಪೇ ಇಲ್ಲದೆ ಎರಡನೇ ಸಹಿ ಹಾಕಿತು. ವ್ಯಾಲಿಡೇಟರುಗಳ ಮತಗಳು ನಡೆಯುವ ಬೀಕನ್ ಸರಪಳಿ 2020ರ ಡಿಸೆಂಬರ್ 1ರಂದು ಶುರುವಾದಾಗಿನಿಂದ ಲಕ್ಷಾಂತರ ವ್ಯಾಲಿಡೇಟರುಗಳಲ್ಲಿ ಸ್ಲ್ಯಾಶ್ ಆದವು ನೂರರ ಲೆಕ್ಕದಲ್ಲಿವೆ. ಅವುಗಳಲ್ಲಿ ಹೆಚ್ಚಿನವು ದುರುದ್ದೇಶದವಲ್ಲ, ಒಂದೇ ಕೀಲಿ ಎರಡು ಕಡೆ ಎದ್ದದ್ದು ಅಥವಾ ಪಟ್ಟಿ ಕಳೆದುಹೋದದ್ದು.

ಆದ್ದರಿಂದ ನಿಮ್ಮ ದುಡ್ಡನ್ನು ಎರಡನೇ ಯಂತ್ರಕ್ಕೆ ಹಾಕುವ ಬದಲು ಬ್ಯಾಟರಿಗೆ ಹಾಕಿ. ವ್ಯಾಲಿಡೇಟರ್ ನಡೆಸುವ ಚಿಕ್ಕ ಗಾತ್ರದ ಕಂಪ್ಯೂಟರು, ರೂಟರ್, ಫೈಬರ್ ಪೆಟ್ಟಿಗೆ ಎಲ್ಲ ಸೇರಿ 60 ವಾಟ್‌ನ ಸುತ್ತಮುತ್ತ ಎಳೆಯುತ್ತವೆ. ಮನೆಯ ಇನ್ವರ್ಟರಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹೆಸರಿಗೆ 1,800 ವಾಟ್-ಅವರ್ ಇದ್ದರೂ, ಸೋರಿಕೆ ಕಳೆದು ಸಾವಿರ ಸಿಕ್ಕಿತು ಎಂದುಕೊಳ್ಳಿ. ಹದಿನಾರು ಗಂಟೆ ನಡೆಯುತ್ತದೆ. ಷರತ್ತು ಇಷ್ಟೇ: ಫ್ಯಾನು, ದೀಪಗಳನ್ನು ಅದೇ ಬ್ಯಾಟರಿಗೆ ಹೇರಬೇಡಿ. ಇನ್ವರ್ಟರಿನ ಹಿಂಭಾಗದಲ್ಲಿ ಯುಪಿಎಸ್ ಎಂದು ಬರೆದ ಸ್ವಿಚ್ ಇದ್ದರೆ ಅದನ್ನು ಆ ಕಡೆಗೇ ಇಡಿ. ಇಲ್ಲದಿದ್ದರೆ ಬದಲಾಗುವ ಆ ಅರೆಕ್ಷಣದಲ್ಲಿ ಕಂಪ್ಯೂಟರು ಆರಿ ಮತ್ತೆ ಚಾಲೂ ಆಗುತ್ತದೆ. ಹೀಗೆ ತಟ್ಟನೆ ಆರುವುದೇ ಡಿಸ್ಕಿಗೆ ಅಪಾಯ. ಬೀದಿಯ ಇಂಟರ್ನೆಟ್ ಪೆಟ್ಟಿಗೆಯ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ನಿಮ್ಮ ಕೇಬಲ್ ಹುಡುಗರನ್ನು ಕೇಳಿ. ಅದು ಎರಡು ಗಂಟೆಯಲ್ಲಿ ಸತ್ತರೆ ಸಾಯಲಿ, ಉಳಿದ ಆರು ಗಂಟೆಯ ದಂಡ ಕಟ್ಟಿ. ಅದಕ್ಕೆ ಹೆದರಬೇಡಿ.

ಯಂತ್ರವೇ ಕೆಟ್ಟು ಹೊಸದಕ್ಕೆ ಹೋಗಬೇಕಾದಾಗ ಅವಸರ ಮಾಡದಿರುವುದೇ ನಿಮ್ಮ ರಕ್ಷಣೆ. ನೀವು ಲೈಟ್‌ಹೌಸ್ ಸಾಫ್ಟ್‌ವೇರ್ ಬಳಸುತ್ತೀರಿ ಎಂದುಕೊಂಡು ಹೇಳುತ್ತೇನೆ. ಹಳೆಯ ಯಂತ್ರದಲ್ಲಿ ವ್ಯಾಲಿಡೇಟರ್ ಸೇವೆಯನ್ನು ನಿಲ್ಲಿಸಿ, ಮರುಚಾಲೂ ಆದರೂ ಏಳದಂತೆ ಮಾಡಿ, ಸಹಿಗಳ ಪಟ್ಟಿಯನ್ನು ಹೊರತೆಗೆಯಿರಿ. ಸೇವೆಗೆ ನೀವಿಟ್ಟ ಹೆಸರು `validator` ಆಗಿದ್ದರೆ:

```
sudo systemctl disable --now validator
lighthouse account validator slashing-protection export pattiya.json
```

ಆಮೇಲೆ ಹಳೆಯ ಯಂತ್ರದಿಂದ ಕೀಲಿಗಳನ್ನು ಅಳಿಸಿ. ಈಗ `beaconcha.in` ಪುಟದಲ್ಲಿ ನಿಮ್ಮ ವ್ಯಾಲಿಡೇಟರನ್ನು ತೆರೆದು, ಮತಗಳು ತಪ್ಪುತ್ತಿವೆ ಎಂದು ಕಣ್ಣಾರೆ ನೋಡುವವರೆಗೆ ಕಾಯಿರಿ. ಕನಿಷ್ಠ ಎರಡು ಮೂರು ಎಪಾಕ್. ನಾನು ಅರ್ಧ ಗಂಟೆ ಕಾಯುತ್ತೇನೆ. ತಪ್ಪಿದ ಮತಗಳು ಕಾಣದಿದ್ದರೆ ಎಲ್ಲೋ ಒಂದು ಕಡೆ ಹಳೆಯ ಕೀಲಿ ಇನ್ನೂ ಬದುಕಿದೆ ಎಂದರ್ಥ. ಕಂಡ ಮೇಲೆ ಹೊಸ ಯಂತ್ರಕ್ಕೆ ಕೀಲಿ ಹಾಕಿ, ಪಟ್ಟಿಯನ್ನು ಒಳತಂದು, ಕೊನೆಗೆ ಚಾಲೂ ಮಾಡಿ:

```
lighthouse account validator slashing-protection import pattiya.json
lighthouse vc --enable-doppelganger-protection
```

ಎರಡನೇ ಸಾಲಿನ ಆ ಆಯ್ಕೆ ಇದ್ದರೆ ಯಂತ್ರ ಎದ್ದ ಕೂಡಲೇ ಮತ ಹಾಕುವುದಿಲ್ಲ. ಎರಡು ಮೂರು ಎಪಾಕ್ ಸುಮ್ಮನಿದ್ದು, ಇದೇ ಕೀಲಿಯಿಂದ ಬೇರೆ ಯಾರಾದರೂ ಮತ ಹಾಕುತ್ತಿದ್ದಾರೆಯೇ ಎಂದು ಗಮನಿಸಿ, ಕಂಡರೆ ತಾನೇ ನಿಂತುಬಿಡುತ್ತದೆ. ಇದಕ್ಕೆ ತೆರುವುದು ಎರಡು ಮೂರು ಮತಗಳ ದಂಡ. ಆದರೆ ಇದು ಪೂರ್ಣ ಕಾವಲಲ್ಲ: ಎರಡೂ ಯಂತ್ರಗಳು ಒಟ್ಟಿಗೆ ಎದ್ದರೆ ಎರಡೂ ಸುಮ್ಮನೆ ಗಮನಿಸುತ್ತವೆ, ಎರಡೂ ಒಟ್ಟಿಗೆ ಮತ ಹಾಕತೊಡಗುತ್ತವೆ. ಹಳೆಯ ಡಿಸ್ಕ್ ಪೂರ್ತಿ ಸತ್ತು ಪಟ್ಟಿ ಸಿಗದಿದ್ದರೆ ಮಾತ್ರ ಪಟ್ಟಿಯಿಲ್ಲದೆ, ಇನ್ನಷ್ಟು ಕಾದು, ಈ ಆಯ್ಕೆಯೊಂದಿಗೆ ಶುರು ಮಾಡಿ. ಕಳೆದ ವಾರ ತೆಗೆದಿಟ್ಟ ಪಟ್ಟಿಯ ಪ್ರತಿಯನ್ನು ಹಾಕಿ ನಿಶ್ಚಿಂತರಾಗಬೇಡಿ. ಆಮೇಲೆ ಹಾಕಿದ ಮತಗಳು ಅದರಲ್ಲಿಲ್ಲ.

ಎರಡು ಊರುಗಳಲ್ಲಿ ಹಂಚಿಡುವ ಆಸೆ ಗಟ್ಟಿಯಾಗಿದ್ದರೆ ಅದಕ್ಕೆ ಸರಿಯಾದ ದಾರಿ ಬೇರೆಯೇ ಇದೆ. ಕೀಲಿಯ ಪ್ರತಿ ಮಾಡುವುದಿಲ್ಲ, ಕೀಲಿಯನ್ನೇ ಪಾಲು ಮಾಡುತ್ತಾರೆ: ನಾಲ್ಕು ಯಂತ್ರಗಳಲ್ಲಿ ನಾಲ್ಕು ಪಾಲು, ಮೂರು ಸೇರಿದರೆ ಮಾತ್ರ ಒಂದು ಸಹಿ. ಒಬೊಲ್, ಎಸ್‌ಎಸ್‌ವಿ ಎಂಬ ವ್ಯವಸ್ಥೆಗಳು ಇದನ್ನು ಮಾಡುತ್ತವೆ. ಒಂದು ಊರಿನ ಒಂದು ಯಂತ್ರ ಸತ್ತರೂ ಕೆಲಸ ನಿಲ್ಲುವುದಿಲ್ಲ, ಒಂದು ಯಂತ್ರ ಒಂಟಿಯಾಗಿ ಎರಡನೇ ಸಹಿ ಹಾಕಲೂ ಆಗುವುದಿಲ್ಲ. ಆದರೆ ಅಣ್ಣತಮ್ಮಂದಿರ ಎರಡು ಮನೆಗಳಿಗೆ ಇದು ಹೊಂದುವುದಿಲ್ಲ. ಒಂದೊಂದು ಮನೆಯಲ್ಲಿ ಎರಡೆರಡು ಇಟ್ಟರೆ ಒಂದು ಮನೆಯ ಕರೆಂಟ್ ಹೋದಾಗ ಮೂರು ಉಳಿಯುವುದಿಲ್ಲ. ಬೇರೆ ಬೇರೆ ಜಾಗದ ನಾಲ್ಕು ಜನ ಬೇಕು.

ಸಂಸ್ಥೆಗೆ ಒಪ್ಪಿಸುವುದರಲ್ಲಿ ತಪ್ಪೇನಿಲ್ಲ, ಆದರೆ ಅಪಾಯ ಮಾಯವಾಗುವುದಿಲ್ಲ, ರೂಪ ಬದಲಿಸುತ್ತದೆ. ಹಲವರ ಈಥರನ್ನು ಒಟ್ಟುಮಾಡಿ ಸ್ಟೇಕ್ ಮಾಡುವ ಲೈಡೊದಂಥ ಕೂಟದಲ್ಲಿ ಪ್ರತಿಫಲದ ಶೇಕಡಾ 10 ಅವರಿಗೆ. ಒಂದು ವ್ಯಾಲಿಡೇಟರ್ ಸ್ಲ್ಯಾಶ್ ಆದರೆ ನಷ್ಟ ಎಲ್ಲರ ಮೇಲೆ ಹರಡುವುದರಿಂದ ಒಬ್ಬೊಬ್ಬರಿಗೆ ತಾಗುವುದು ಕಡಿಮೆ. ಅದರ ಬದಲು ಆ ಕೂಟವನ್ನು ನಡೆಸುವ ಸ್ಮಾರ್ಟ್ ಕಾಂಟ್ರಾಕ್ಟ್‌ನ ಕೋಡ್ ದೋಷದ ಅಪಾಯವಿದೆ. ಅವರು ಕೊಡುವ ಟೋಕನ್‌ನ ಬೆಲೆಯೂ ಈಥರ್‌ಗಿಂತ ಕೆಳಗಿಳಿಯಬಹುದು; 2022ರ ಜೂನ್‌ನಲ್ಲಿ ಸುಮಾರು ಶೇಕಡಾ 5ರಷ್ಟು ಇಳಿದಿತ್ತು. ಒಂದೇ ಸಂಸ್ಥೆ ಸಾವಿರಾರು ವ್ಯಾಲಿಡೇಟರುಗಳನ್ನು ಒಂದೇ ವ್ಯವಸ್ಥೆಯಲ್ಲಿ ನಡೆಸುತ್ತಿದ್ದರೆ, ಅವರ ಒಂದು ತಪ್ಪಿಗೆ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಆಗ ಮೇಲೆ ಹೇಳಿದ ಮೂರು ಪಟ್ಟಿನ ಲೆಕ್ಕ ನಿಜವಾಗಿ ಕಚ್ಚುತ್ತದೆ. ನಿಮ್ಮಂತೆ ಕಂಪ್ಯೂಟರ್ ಗೊತ್ತಿರುವ, ಮನೆಯಲ್ಲೇ ಇರುವವರಿಗೆ ಒಂದು ಯಂತ್ರ, ಒಂದು ಇನ್ವರ್ಟರ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ವಾರಗಟ್ಟಲೆ ಊರು ಬಿಡುವವರಾದರೆ ಕೂಟವೇ ಮೇಲು.

ಯಾರಿಗಾದರೂ ನಡೆಸಲು ಕೊಟ್ಟರೂ ಎರಡು ಕೀಲಿಗಳ ವ್ಯತ್ಯಾಸ ಮರೆಯಬೇಡಿ. ಮತ ಹಾಕುವ ಕೀಲಿ ಇದ್ದವರು ನಿಮ್ಮ ಹಣ ತೆಗೆಯಲಾರರು, ಆದರೆ ನಿಮ್ಮನ್ನು ಸ್ಲ್ಯಾಶ್ ಮಾಡಿಸಬಲ್ಲರು. ಹಣ ಹೋಗಿ ಸೇರುವುದು ಹಿಂಪಡೆಯುವ ವಿಳಾಸಕ್ಕೆ. ಅದನ್ನು ಠೇವಣಿ ಇಡುವಾಗಲೇ ನಿಮ್ಮ ಸ್ವಂತ ಹಾರ್ಡ್‌ವೇರ್ ವ್ಯಾಲೆಟ್‌ನ ವಿಳಾಸಕ್ಕೆ ಕಟ್ಟಿ, ಒಂದೊಂದು ಅಕ್ಷರವನ್ನೂ ಎರಡು ಸಲ ಹೋಲಿಸಿ ನೋಡಿ, ಏಕೆಂದರೆ ಅದನ್ನು ಮತ್ತೆ ಬದಲಿಸಲಾಗದು. 24 ಪದಗಳನ್ನು ತಮ್ಮನಿಗೂ ಫೋಟೊ ತೆಗೆದು ಕಳಿಸಬೇಡಿ. ಪೆಕ್ಟ್ರಾ ಬಂದ ಮೇಲೆ ಆ ವಿಳಾಸದಿಂದಲೇ ವ್ಯಾಲಿಡೇಟರನ್ನು ನಿಲ್ಲಿಸುವ ಕೋರಿಕೆ ಕಳಿಸಬಹುದು. ಹಾಗಾಗಿ ದಾವಣಗೆರೆಯ ಯಂತ್ರ ಸುಟ್ಟುಹೋಗಿ ಹೊಸದನ್ನು ಜೋಡಿಸುವ ಮನಸ್ಸು ಇಲ್ಲದಿದ್ದರೂ, ಕೈಯಲ್ಲಿ ವ್ಯಾಲೆಟ್ ಇದ್ದರೆ ಸಾಕು, ಸರದಿ ಮುಗಿದ ಮೇಲೆ ನಿಮ್ಮ ಈಥರ್ ನಿಮಗೆ ಬರುತ್ತದೆ. ಸರದಿ ಕೆಲವೊಮ್ಮೆ ದಿನಗಳಷ್ಟು, ಕೆಲವೊಮ್ಮೆ ವಾರಗಳಷ್ಟು ಉದ್ದವಿರುತ್ತದೆ. ಮಗಳ ಫೀಸಿಗೋ ಸೈಟಿನ ಕಂತಿಗೋ ಬೇಕಾಗುವ ಹಣವನ್ನು ಅದರಲ್ಲಿ ಇಡಬೇಡಿ.